ಸುತ್ತೋಲೆ ಯಾರಿಗೆ ಬರೆದದ್ದು?

2025ರ ಜನವರಿ 9, ಗುರುವಾರ. ಸಂಜೆ ನಾಲ್ಕರ ಹೊತ್ತು. ಲಾಸ್ ಏಂಜಲೀಸ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಫೋನುಗಳು ಒಟ್ಟಿಗೆ ಕಿರುಚಿಕೊಂಡವು. ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಳ್ಗಿಚ್ಚು ಹೊತ್ತಿ ಅದು ಮೂರನೆಯ ದಿನ. ಕಿಟಕಿಯಾಚೆ ಹೊಗೆ, ಒಳಗೆ ನಾವು. ಸಂದೇಶದಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಪ್ರದೇಶದಲ್ಲಿ ತೆರವಿನ ಎಚ್ಚರಿಕೆ ನೀಡಲಾಗಿದೆ. ಯಾವ ಪ್ರದೇಶ? ಯಾವ ಬೆಂಕಿ? ಹೊರಡಬೇಕಾ, ಇರಬೇಕಾ? ಒಬ್ಬರು ಪಾಸ್‌ಪೋರ್ಟ್ ಹುಡುಕಿದೆವು, ಒಬ್ಬರು ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕಿದೆವು, ಇನ್ನೊಬ್ಬರು ಸುಮ್ಮನೆ ಬಾಗಿಲ ಹತ್ತಿರ ನಿಂತೆವು. ಸುಮಾರು ಇಪ್ಪತ್ತು ನಿಮಿಷ ಆದಮೇಲೆ ಇನ್ನೊಂದು ಸಂದೇಶ ಬಂತು: ಹಿಂದಿನದನ್ನು ಲೆಕ್ಕಿಸಬೇಡಿ, ಅದು ಕೆನೆತ್ ಕಿಚ್ಚಿನ ಹತ್ತಿರ ಇರುವವರಿಗೆ ಮಾತ್ರ.

ತಾಂತ್ರಿಕ ದೋಷದಿಂದ ಆ ಎಚ್ಚರಿಕೆ ಇಡೀ ಕೌಂಟಿಗೆ, ಅಂದರೆ ಸುಮಾರು ಒಂದು ಕೋಟಿ ಜನರಿಗೆ ಹೋಗಿತ್ತು. ಎಂಜಿನಿಯರಿಂಗ್ ಓದಿದವರಾದ ನಮಗೆ ಆ ದೋಷ ಅರ್ಥ ಆಗುತ್ತೆ. ಸಾಫ್ಟ್‌ವೇರ್ ಅಂದಮೇಲೆ ತಪ್ಪುತ್ತೆ. ಆದರೆ ನಮ್ಮನ್ನು ಕಾಡಿದ್ದು ವಾಕ್ಯ. ಆ ಸಂದೇಶದಲ್ಲಿ ಕೆನೆತ್ ಕಿಚ್ಚು ಎಂಬ ಎರಡು ಪದ, ಒಂದು ಊರಿನ ಹೆಸರು ಇದ್ದಿದ್ದರೆ, ತಪ್ಪಿ ಬಂದರೂ ಓದಿದ ಕ್ಷಣದಲ್ಲೇ "ಇದು ನಮಗಲ್ಲ" ಅಂತ ಗೊತ್ತಾಗುತ್ತಿತ್ತು. ಯಂತ್ರದ ತಪ್ಪನ್ನು ವಾಕ್ಯ ತಡೆಯಬಹುದಿತ್ತು, ತಡೆಯಲಿಲ್ಲ.

ಆ ಹೊತ್ತಿಗೆ ಸ್ಯಾನ್ ಡಿಯಾಗೋದಿಂದ ಗೆಳೆಯನ ಕರೆ ಬಂತು. ಕ್ಷೇಮವಾಗಿದ್ದೀವಾ ಅಂತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಪಿಂಚಣಿ ನಿಂತಿದೆ ಕಣ್ರೋ" ಅಂದ. ಅದೂ ಒಂದು ವಾಕ್ಯದ ಕಥೆಯೇ. ಈ ಲೇಖನ ಅದರ ಬಗ್ಗೆ.

ಅಂಕಲ್ ಹುಬ್ಬಳ್ಳಿಯಲ್ಲಿ ರೈಲ್ವೆಯಿಂದ ನಿವೃತ್ತರಾದವರು. ದಸರಾ ಮುಗಿಸಿಕೊಂಡು ಆಂಟಿ ಜೊತೆ ಮಗನ ಮನೆಗೆ ಬಂದಿದ್ದರು, ಯುಗಾದಿ ಹೊತ್ತಿಗೆ ವಾಪಸ್ ಹೋಗುವ ಲೆಕ್ಕ. ಧಾರವಾಡದಲ್ಲಿ ಅಜ್ಜಿಯನ್ನು ನೋಡಿಕೊಳ್ಳುವ ಹೆಂಗಸಿನ ಸಂಬಳ ಪ್ರತಿ ತಿಂಗಳು ಆ ಪಿಂಚಣಿಯಿಂದಲೇ ಹೋಗುತ್ತಿತ್ತು. ಡಿಸೆಂಬರ್ ಪಿಂಚಣಿ ಖಾತೆಗೆ ಬೀಳಲಿಲ್ಲ. ಕಾರಣ: ನವೆಂಬರ್‌ನಲ್ಲಿ ಕೊಡಬೇಕಿದ್ದ ಜೀವಿತ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ಅಂಕಲ್ ಮರೆತಿರಲಿಲ್ಲ. ಓದದೆಯೂ ಬಿಟ್ಟಿರಲಿಲ್ಲ. ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಬಂದ ಸುತ್ತೋಲೆಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದರು. ಓದಿ, "ಬ್ಯಾಂಕಿನವರಿಗೆ ಸೂಚನೆ ಹೋಗಿದೆ, ಅವರು ನೋಡ್ಕೋತಾರೆ" ಅಂತ ತಿಳಿದುಕೊಂಡರು. ಅವರು ಅರ್ಥ ಮಾಡಿಕೊಂಡದ್ದು ತಪ್ಪು ಅಂತ ಎಲ್ಲರೂ ಅವರನ್ನೇ ಗದರಿದರು. ನಾವೂ ಸುತ್ತೋಲೆಯನ್ನು ತರಿಸಿಕೊಂಡು ಓದಿದೆವು. ಓದಿದ ಮೇಲೆ ನಮಗನಿಸಿದ್ದು: ಅಂಕಲ್ ಓದಿದ್ದು ಸರಿಯಾಗಿಯೇ ಇತ್ತು.

ಯಾಕೆಂದರೆ ಆ ಕಾಗದ ಅವರಿಗೆ ಬರೆದದ್ದೇ ಅಲ್ಲ. ಇಂಥ ಸುತ್ತೋಲೆಗಳ ಮೇಲ್ಗಡೆ ನೋಡಿ: ಪಿಂಚಣಿ ವಿತರಿಸುವ ಬ್ಯಾಂಕುಗಳ ಮುಖ್ಯಸ್ಥರಿಗೆ ಅಂತ ಇರುತ್ತೆ. ಒಂದು ಕಚೇರಿ ಇನ್ನೊಂದು ಕಚೇರಿಯ ಜೊತೆ ಮಾತಾಡುತ್ತಿರುತ್ತದೆ; ಪಿಂಚಣಿದಾರ ಗೋಡೆಯ ಆಚೆ ನಿಂತು ಕೇಳಿಸಿಕೊಳ್ಳುತ್ತಿರುತ್ತಾನೆ. ಆದ್ದರಿಂದ ಸುತ್ತೋಲೆಯನ್ನು ಜನರ ನೋಟಿಸ್ ಮಾಡುವುದು ಅಂದರೆ ಕಠಿಣ ಪದ ತೆಗೆದು ಸುಲಭ ಪದ ಹಾಕುವುದಲ್ಲ ಎಂಬುದು ನಮ್ಮ ವಾದ. ಮೊದಲು ಮಾಡಬೇಕಾದದ್ದು ಮಾತು ಯಾರ ಕಡೆಗಿದೆಯೋ ಆ ಮುಖವನ್ನು ತಿರುಗಿಸುವುದು. ಪದಗಳ ಕೆಲಸ ಆಮೇಲಿನದು.

ಕೆಳಗಿನದು ನಾವೇ ಕಟ್ಟಿದ ಮಾದರಿ. ಯಾವುದೇ ಒಂದು ಸುತ್ತೋಲೆಯ ನಕಲಲ್ಲ. ಆದರೆ ಧಾಟಿ ನಿಮಗೆ ಪರಿಚಿತವೇ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಕಚೇರಿ ಜ್ಞಾಪನಗಳನ್ವಯ, ಪಿಂಚಣಿ ಮುಂದುವರಿಕೆಗಾಗಿ ಪ್ರತಿ ವರ್ಷ ನವೆಂಬರ್ ಮಾಹೆಯಲ್ಲಿ ಜೀವಿತ ಪ್ರಮಾಣಪತ್ರವನ್ನು ಪಡೆಯತಕ್ಕದ್ದೆಂದು ಸೂಚಿಸಲಾಗಿದೆ. 80 ವರ್ಷ ಮತ್ತು ಮೇಲ್ಪಟ್ಟ ಪಿಂಚಣಿದಾರರ ಪ್ರಕರಣಗಳಲ್ಲಿ ಅಕ್ಟೋಬರ್ 1ರಿಂದ ಸ್ವೀಕರಿಸಲು ಅವಕಾಶ ಕಲ್ಪಿಸಲಾಗಿದೆ. ವಿದೇಶದಲ್ಲಿ ವಾಸವಾಗಿರುವ ಪಿಂಚಣಿದಾರರ ಪ್ರಕರಣಗಳಲ್ಲಿ ಸಕ್ಷಮ ಅಧಿಕಾರಿಯಿಂದ ದೃಢೀಕರಿಸಲ್ಪಟ್ಟ ಪ್ರಮಾಣಪತ್ರವನ್ನು ಪರಿಗಣಿಸಬಹುದಾಗಿದೆ. ನಿಗದಿತ ಅವಧಿಯೊಳಗೆ ಸ್ವೀಕೃತವಾಗದ ಪ್ರಕರಣಗಳಲ್ಲಿ ನಿಯಮಾನುಸಾರ ಕ್ರಮ ಕೈಗೊಳ್ಳತಕ್ಕದ್ದು. ಸದರಿ ಸೂಚನೆಗಳನ್ನು ಸಂಬಂಧಪಟ್ಟವರೆಲ್ಲರ ಗಮನಕ್ಕೆ ತರತಕ್ಕದ್ದು."

ಇದರಲ್ಲಿ "ನೀವು" ಎಂಬ ಪದ ಒಂದು ಸಲವೂ ಇಲ್ಲ. ಸೂಚಿಸಲಾಗಿದೆ, ಕಲ್ಪಿಸಲಾಗಿದೆ, ದೃಢೀಕರಿಸಲ್ಪಟ್ಟ. ಕೆಲಸಗಳಿವೆ, ಮಾಡುವವರು ಮಾಯ. ನಾವು ಮನೆಯಲ್ಲಿ ಹೀಗೆ ಮಾತಾಡುವುದಿಲ್ಲ. "ಹಾಲು ತರಲ್ಪಟ್ಟಿತು" ಅಂತ ಯಾವ ಅಮ್ಮ ಹೇಳ್ತಾರೆ?

ನಾವು ಮೂವರು ಒಂದು ಶನಿವಾರ ಕೂತು ಈ ಮಾದರಿಯ ಪ್ರತಿ ಕ್ರಿಯಾಪದದ ಕೆಳಗೂ ಗೆರೆ ಎಳೆದು, ಪಕ್ಕದಲ್ಲಿ "ಯಾರು?" ಅಂತ ಬರೆದೆವು. ಇಷ್ಟೇ ಮೊದಲ ಹೆಜ್ಜೆ, ಮತ್ತು ಅತಿ ಮುಖ್ಯವಾದದ್ದೂ ಇದೇ. "ಪಡೆಯತಕ್ಕದ್ದು", ಯಾರು? ಬ್ಯಾಂಕು. ಹಾಗಾದರೆ ಕೊಡುವವರು ಯಾರು? ಪಿಂಚಣಿದಾರ. ಆದರೆ ಕೊಡು ಎಂಬ ಕ್ರಿಯಾಪದವೇ ಸುತ್ತೋಲೆಯಲ್ಲಿ ಇಲ್ಲ! ಇಡೀ ವ್ಯವಹಾರದ ಅರ್ಧ ಭಾಗ, ನಾಗರಿಕನ ಪಾಲಿನ ಅರ್ಧ, ಬರೆಯದೇ ಬಿಟ್ಟುಹೋಗಿದೆ. ಅಂಕಲ್ ಬಿದ್ದ ಗುಂಡಿ ಇದೇ. ಪದಕೋಶ ಇಟ್ಟುಕೊಂಡು ಎಷ್ಟು ಸರಳ ಮಾಡಿದರೂ ಈ ಗುಂಡಿ ಮುಚ್ಚುವುದಿಲ್ಲ. "ಬ್ಯಾಂಕು ನವೆಂಬರ್‌ನಲ್ಲಿ ಪ್ರಮಾಣಪತ್ರ ತೆಗೆದುಕೊಳ್ಳಬೇಕು" ಎಂಬುದು ತಿಳಿಗನ್ನಡವೇ. ಆದರೂ ಓದಿದವರು ಸೋಫಾದಲ್ಲೇ ಕೂತಿರುತ್ತಾರೆ.

ಎರಡನೇ ಹೆಜ್ಜೆ, ನುಣುಚಿಕೊಳ್ಳುವ ಪದಗಳನ್ನು ಬಿಚ್ಚುವುದು. "ನಿಯಮಾನುಸಾರ ಕ್ರಮ" ಅಂದರೆ ಏನು ಅಂತ ಹುಡುಕಿದರೆ ಸಿಗುವುದು ಬಹಳ ಸರಳ ಸಂಗತಿ: ನವೆಂಬರ್ 30ರೊಳಗೆ ಪ್ರಮಾಣಪತ್ರ ಬರದಿದ್ದರೆ ಡಿಸೆಂಬರ್‌ನಿಂದ ಪಿಂಚಣಿ ಕೊಡುವುದನ್ನು ನಿಲ್ಲಿಸುತ್ತಾರೆ, ಆಮೇಲೆ ಕೊಟ್ಟರೆ ತಡೆದಿದ್ದ ಹಣವನ್ನೂ ಸೇರಿಸಿ ಮತ್ತೆ ಶುರು ಮಾಡುತ್ತಾರೆ. ಈ ಎರಡೂ ಭಾಗ ಜನರಿಗೆ ಗೊತ್ತಾಗಬೇಕು. ಮೊದಲನೆಯದು ಗೊತ್ತಿಲ್ಲದಿದ್ದರೆ ಅಲಕ್ಷ್ಯ. ಎರಡನೆಯದು ಗೊತ್ತಿಲ್ಲದಿದ್ದರೆ ಗಾಬರಿ. ಹಣ ಹೋಗಿಯೇಬಿಟ್ಟಿತು ಅಂತ ಆಂಟಿ ಒಂದು ವಾರ ನಿದ್ದೆ ಮಾಡಿರಲಿಲ್ಲ.

"ಸಕ್ಷಮ ಅಧಿಕಾರಿ" ಇನ್ನೊಂದು. ಸ್ಯಾನ್ ಡಿಯಾಗೋದಲ್ಲಿ ಕೂತಿರುವ ಅರವತ್ತೆಂಟರ ಮನುಷ್ಯನಿಗೆ ಸಕ್ಷಮ ಅಧಿಕಾರಿ ಯಾರು? ಕೇಂದ್ರದ ಪಿಂಚಣಿ ನಿಯಮದಲ್ಲಿ ಉತ್ತರ ಇದೆ. ಭಾರತದಲ್ಲಿ ವಾಸವಿಲ್ಲದ ಪಿಂಚಣಿದಾರರು ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕ್ ಅಧಿಕಾರಿ ಅಥವಾ ಭಾರತದ ರಾಜತಾಂತ್ರಿಕ ಪ್ರತಿನಿಧಿ, ಇವರಲ್ಲಿ ಒಬ್ಬರ ಸಹಿ ಇರುವ ಜೀವಿತ ಪ್ರಮಾಣಪತ್ರವನ್ನು ತಾವು ಅಧಿಕಾರ ಕೊಟ್ಟ ಪ್ರತಿನಿಧಿಯ ಮೂಲಕ ತಲುಪಿಸಿದರೆ ಖುದ್ದಾಗಿ ಹಾಜರಾಗಬೇಕಿಲ್ಲ. ಉತ್ತರ ಇದ್ದೂ ಸುತ್ತೋಲೆ ಅದನ್ನು ಎರಡು ಪದದ ಹಿಂದೆ ಬಚ್ಚಿಟ್ಟಿದೆ.

ಮೂರನೇ ಹೆಜ್ಜೆಯಲ್ಲಿ ನಾವು ಸಿಕ್ಕಿಹಾಕಿಕೊಂಡೆವು. "ವಿದೇಶದಲ್ಲಿ ವಾಸವಾಗಿರುವ" ಅಂದರೆ ಯಾರು? ಇಲ್ಲೇ ನೆಲೆಸಿದವರು ಸರಿ. ಆರು ತಿಂಗಳಿಗೆ ಮಗನನ್ನು ನೋಡಲು ಬಂದವರು? ನಮ್ಮ ಕನ್ನಡ ಮನೆಗಳಿಗೆ ಬರುವ ಅಪ್ಪ ಅಮ್ಮಂದಿರು ಬಹುಪಾಲು ಈ ಎರಡನೇ ಗುಂಪು. ಮಾದರಿಯಲ್ಲಿ ಉತ್ತರ ಇಲ್ಲ. ನಮ್ಮಲ್ಲೊಬ್ಬರು "ಇವರೂ ಸೇರ್ತಾರೆ ಅಂತ ಬರೆದುಬಿಡೋಣ, ಓದೋಕೆ ಸಲೀಸಾಗುತ್ತೆ" ಅಂದೆವು. ಅದನ್ನು ಬರೆಯಲಿಲ್ಲ. ನೋಟಿಸ್ ಸರಳವಾಗಿರಲಿ ಅಂತ ನಾವೇ ನಿಯಮ ಹುಟ್ಟಿಸಿದರೆ ನಾಳೆ ಬ್ಯಾಂಕಿನ ಕಿಟಕಿಯಲ್ಲಿ ಬೈಸಿಕೊಳ್ಳುವವರು ಅಂಕಲ್. ಸುತ್ತೋಲೆ ಎಲ್ಲಿ ಮೌನವಾಗಿದೆಯೋ ಅಲ್ಲಿ ನೋಟಿಸ್ "ಇದನ್ನು ಮೊದಲು ಇವರನ್ನು ಕೇಳಿ" ಅನ್ನಬೇಕು. ಕರ್ತರಿ ಪ್ರಯೋಗದಲ್ಲಿ ಬರೆಯಲು ಹೊರಟಾಗಲೇ ಇಂಥ ತೂತುಗಳು ಕಾಣುವುದು. ಕರ್ಮಣಿ ಪ್ರಯೋಗದ ದೊಡ್ಡ ಉಪಕಾರವೇ ಅದು, ಬರೆದವರಿಗೆ: ನಿರ್ಧಾರ ಮಾಡದೆಯೇ ವಾಕ್ಯ ಮುಗಿಸಬಹುದು.

ಇಷ್ಟೆಲ್ಲ ಆದಮೇಲೆ ಬರೆದ ನೋಟಿಸ್ ಇದು.

ಪಿಂಚಣಿ ನಿಲ್ಲದಿರಲು ನವೆಂಬರ್ 30ರೊಳಗೆ ಜೀವಿತ ಪ್ರಮಾಣಪತ್ರ ಕೊಡಿ

ಇದು ಯಾರಿಗೆ: ಬ್ಯಾಂಕಿನ ಮೂಲಕ ಕೇಂದ್ರ ಸರ್ಕಾರದ ಪಿಂಚಣಿ ಅಥವಾ ಕುಟುಂಬ ಪಿಂಚಣಿ ಪಡೆಯುವ, ಈಗ ಅಮೆರಿಕದಲ್ಲಿರುವ ಹಿರಿಯರಿಗೆ. ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಪಿಂಚಣಿ ಇದ್ದರೆ ಇಬ್ಬರೂ ಕೊಡಬೇಕು. ಕರ್ನಾಟಕ ಸರ್ಕಾರದ ಪಿಂಚಣಿಯಾದರೆ ನಿಮ್ಮ ಬ್ಯಾಂಕ್ ಅಥವಾ ಖಜಾನೆಯನ್ನು ಕೇಳಿ.

ಯಾವಾಗ: ನವೆಂಬರ್ 1ರಿಂದ 30ರೊಳಗೆ ನಿಮ್ಮ ಬ್ಯಾಂಕಿಗೆ ತಲುಪಬೇಕು. ನಿಮಗೆ 80 ತುಂಬಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು.

ಏನು ಮಾಡಬೇಕು:
1. ಭಾರತದಿಂದ ಹೊರಡುವ ಮೊದಲೇ ನಿಮ್ಮ ಪಿಂಚಣಿ ಬರುವ ಶಾಖೆಗೆ ಹೋಗಿ. ಎರಡು ಪ್ರಶ್ನೆ ಕೇಳಿ: "ನವೆಂಬರ್‌ನಲ್ಲಿ ನಾನು ಅಮೆರಿಕದಲ್ಲಿರುತ್ತೇನೆ. ಅಲ್ಲಿ ಯಾರ ಸಹಿ ಇದ್ದರೆ ನೀವು ಒಪ್ಪುತ್ತೀರಿ? ಹೇಗೆ ಕಳಿಸಬೇಕು?" ಉತ್ತರವನ್ನು ಬರೆದುಕೊಳ್ಳಿ. ಫಾರ್ಮ್ ತೆಗೆದುಕೊಳ್ಳಿ.
2. ಪಿಪಿಒ ಸಂಖ್ಯೆ (ಪಿಂಚಣಿ ಆದೇಶ ಪತ್ರದ ಮೇಲಿರುತ್ತದೆ), ಖಾತೆ ಸಂಖ್ಯೆ, ಪಾಸ್‌ಪೋರ್ಟ್, ಆಧಾರ್ ಜೊತೆಗಿಟ್ಟುಕೊಳ್ಳಿ.
3. ನವೆಂಬರ್ ಮೊದಲ ವಾರ ಬ್ಯಾಂಕ್ ಹೇಳಿದವರ ಮುಂದೆ ಸಹಿ ಮಾಡಿ, ಅವರ ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ನಕಲು ಇಟ್ಟುಕೊಂಡು ಬ್ಯಾಂಕಿಗೆ ಕಳಿಸಿ.
4. ಫೋನಿನಲ್ಲಿ ಜೀವನ್ ಪ್ರಮಾಣ್ ಮೂಲಕ ಕೊಡುವುದಾದರೆ, ಪ್ರಮಾಣ್ ಐಡಿ ಬಂದ ಮೇಲೂ ಬ್ಯಾಂಕ್ ಅದನ್ನು ಒಪ್ಪಿತೇ ಎಂದು ಕೇಳಿ. ನೀವು ಮರುಮದುವೆ ಆಗಿದ್ದರೆ ಅಥವಾ ಮತ್ತೆ ಕೆಲಸಕ್ಕೆ ಸೇರಿದ್ದರೆ ಈ ದಾರಿ ನಿಮಗಿಲ್ಲ. ಕಾಗದದ ಪ್ರಮಾಣಪತ್ರವನ್ನೇ ಕೊಡಿ.

ಕೊಡದಿದ್ದರೆ: ಡಿಸೆಂಬರ್‌ನಿಂದ ಪಿಂಚಣಿ ನಿಲ್ಲುತ್ತದೆ. ಹಣ ಕಳೆದುಹೋಗುವುದಿಲ್ಲ, ಪ್ರಮಾಣಪತ್ರ ಕೊಟ್ಟ ಮೇಲೆ ಬಾಕಿ ಸೇರಿಸಿ ಕೊಡುತ್ತಾರೆ.

ಇಪಿಎಫ್ ಪಿಂಚಣಿದಾರರೇ, ಈ ನೋಟಿಸ್ ನಿಮಗಲ್ಲ. ನೀವು ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು. ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತದೆ.

ಕೊನೆಯ ಎರಡು ಸಾಲು ಹಾಕಲು ನಾವು ತುಂಬ ಜಗಳ ಆಡಿದೆವು. "ನಮಗೆ ಸಂಬಂಧವಿಲ್ಲದ್ದನ್ನು ಯಾಕೆ ಹಾಕೋದು?" ಅಂತ. ಆದರೆ ಜನವರಿ 9ರ ಸಂಜೆ ನೆನಪಿತ್ತು. ನೋಟಿಸ್ ಯಾರಿಗೆ ಅಂತ ಹೇಳುವಷ್ಟೇ ಮುಖ್ಯ ಯಾರಿಗೆ ಅಲ್ಲ ಅಂತ ಹೇಳುವುದು. ಖಾಸಗಿ ಕಂಪನಿಯಿಂದ ನಿವೃತ್ತರಾದವರು ವಾಟ್ಸಾಪಿನಲ್ಲಿ ಇದೇ ನೋಟಿಸ್ ನೋಡಿ ನವೆಂಬರ್ 29ಕ್ಕೆ ಒದ್ದಾಡುವುದು ಬೇಡ.

ಬರೆದದ್ದು ಕೆಲಸ ಮಾಡುತ್ತಾ ಅಂತ ತಿಳಿಯುವುದು ಹೇಗೆ? "ಅರ್ಥ ಆಯ್ತಾ?" ಅಂತ ಕೇಳಿದರೆ ನಮ್ಮ ಹಿರಿಯರು ಯಾವತ್ತೂ "ಹ್ಞೂಂ ಆಯ್ತು" ಅಂತಲೇ ಅನ್ನುತ್ತಾರೆ, ಬೇಜಾರಾಗಬಾರದು ಅಂತ. ಅದಕ್ಕೆ ನಾವು ಆಂಟಿಗೆ ಮೊದಲ ಕರಡು ಓದಲು ಕೊಟ್ಟು, ಕಾಗದ ವಾಪಸ್ ತೆಗೆದುಕೊಂಡು, "ಈಗ ನೀವು ಏನು ಮಾಡ್ತೀರಿ, ಮೊದಲಿಂದ ಹೇಳಿ" ಅಂತ ಕೇಳಿದೆವು. ಆಂಟಿ ಹೇಳಿದರು: "ನವೆಂಬರ್ ಮೂವತ್ತಕ್ಕೆ ಪೋಸ್ಟಿಗೆ ಹಾಕ್ತೀವಿ." ಕರಡಿನಲ್ಲಿ ನಾವು "30ರೊಳಗೆ ಕಳಿಸಿ" ಅಂತ ಬರೆದಿದ್ದೆವು. ಈ ದಡದಿಂದ ಹುಬ್ಬಳ್ಳಿಗೆ ಕಾಗದ ಮುಟ್ಟುವಷ್ಟರಲ್ಲಿ ಡಿಸೆಂಬರ್ ಬಂದಿರುತ್ತೆ! "ಕಳಿಸಿ" ಹೋಗಿ "ತಲುಪಬೇಕು" ಬಂತು. ಇನ್ನೊಂದು: "ಬ್ಯಾಂಕ್ ಅಧಿಕಾರಿ ಸಹಿ ಅಂದ್ರೆ ಇಲ್ಲಿನ ಬ್ಯಾಂಕಾ, ಅಲ್ಲಿನದ್ದಾ?" ನಮ್ಮ ಬಳಿ ಉತ್ತರ ಇರಲಿಲ್ಲ. ಅದಕ್ಕೇ ಸಹಿ ಮಾಡುವವರ ಪಟ್ಟಿಯನ್ನು ತೆಗೆದು, ಶಾಖೆಯಲ್ಲಿ ಕೇಳುವ ಪ್ರಶ್ನೆಯನ್ನೇ ಮೊದಲ ಕೆಲಸ ಮಾಡಿದೆವು. ಇಬ್ಬರು ಹಿರಿಯರ ಮೇಲೆ ಹೀಗೆ ಪ್ರಯೋಗಿಸಿದರೆ ಸಾಕು, ನಮ್ಮ ಅರ್ಧ ತಪ್ಪು ಹೊರಬೀಳುತ್ತದೆ.

ಇದಕ್ಕೆ ಒಂದು ಆಕ್ಷೇಪ ಇದೆ, ಮತ್ತು ಅದು ಹುರುಳಿಲ್ಲದ್ದಲ್ಲ. ಸರ್ಕಾರಿ ನೌಕರಿಯಲ್ಲಿರುವ ನಮ್ಮ ಚಿಕ್ಕಪ್ಪನೊಬ್ಬರು ಫೋನಿನಲ್ಲಿ ಹೇಳಿದ್ದು ಇದು: "ಸುತ್ತೋಲೆ ಕಾನೂನಿನ ಕಾಗದ ಕಣಪ್ಪ. ಇವತ್ತು ನಾನಿರ್ತೀನಿ, ನಾಳೆ ಇನ್ನೊಬ್ಬ ಬರ್ತಾನೆ. ಹುದ್ದೆ ಮಾತಾಡಬೇಕು, ಮನುಷ್ಯ ಅಲ್ಲ. ಅದಕ್ಕೇ 'ಆದೇಶಿಸಲಾಗಿದೆ' ಅನ್ನೋದು. ಉಲ್ಲೇಖ ಬಿಟ್ಟರೆ ಆಡಿಟ್‌ನವರು ಬಿಡ್ತಾರಾ?" ಒಪ್ಪುತ್ತೇವೆ. ಸುತ್ತೋಲೆಯನ್ನು ಕಿತ್ತುಹಾಕಿ ಅಂತ ನಾವು ಹೇಳುತ್ತಿಲ್ಲ. ಕಚೇರಿಗಳು ತಮ್ಮೊಳಗೆ ಹೇಗೆ ಬೇಕಾದರೂ ಮಾತಾಡಿಕೊಳ್ಳಲಿ. ಆದರೆ ಯಾವ ಸುತ್ತೋಲೆ ನಾಗರಿಕನಿಂದ ಏನನ್ನಾದರೂ ಬಯಸುತ್ತದೋ, ಅದರ ಜೊತೆ ನಾಗರಿಕನಿಗೇ ಬರೆದ ಒಂದು ಪುಟ ಹೊರಡಿಸುವುದು ಅದೇ ಕಚೇರಿಯ ಹೊಣೆ ಆಗಬೇಕು. "ಸಂಬಂಧಪಟ್ಟವರ ಗಮನಕ್ಕೆ ತರತಕ್ಕದ್ದು" ಅಂತ ಬರೆದು ಕೈತೊಳೆದುಕೊಂಡರೆ, ಆ ಪುಟವನ್ನು ಕೊನೆಗೆ ಬರೆಯುವವರು ವಾಟ್ಸಾಪಿನ ಅನಾಮಿಕರು.

ಇಲ್ಲಿ ಎಲ್ಲ ಸರಿಯಾಗಿದೆ ಅಂತಲೂ ಅಲ್ಲ. ಅಮೆರಿಕದಲ್ಲಿ 2010ರಿಂದ ಸರಳ ಬರವಣಿಗೆಗೊಂದು ಕಾನೂನೇ ಇದೆ. ಕೇಂದ್ರ ಸರ್ಕಾರದ ಇಲಾಖೆಗಳು ಜನರಿಗೆ ಕೊಡುವ ಮಾಹಿತಿ, ಫಾರ್ಮು, ಪತ್ರಗಳು ತಿಳಿಯಾಗಿರಬೇಕು ಅನ್ನುತ್ತದೆ. ನಿಯಮಾವಳಿಗಳಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಚಿಕ್ಕಪ್ಪನ ವಾದಕ್ಕೂ ನಮ್ಮ ವಾದಕ್ಕೂ ಜಾಗ ಇರುವ ಏರ್ಪಾಡು ಅದು: ಕಾನೂನಿನ ಕಾಗದ ಬೇರೆ, ಜನರ ಕಾಗದ ಬೇರೆ. ಆದರೂ ಕೌಂಟಿಯ ಎಚ್ಚರಿಕೆ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿತು. ಅಷ್ಟೇ ಅಲ್ಲ, ಕ್ಯಾಲಿಫೋರ್ನಿಯಾದಲ್ಲಿ ತೆರವಿನ "ಎಚ್ಚರಿಕೆ" ಅಂದರೆ ಸಿದ್ಧರಾಗಿ, ಹೊರಡಲು ಹೊತ್ತು ಬೇಕಾದವರು ಈಗಲೇ ಹೊರಡಿ. "ಆದೇಶ" ಅಂದರೆ ಎಲ್ಲರೂ ತಕ್ಷಣ ಹೊರಡಿ. ಮೂರು ಎಂಜಿನಿಯರಿಂಗ್ ಪದವಿಗಳಿದ್ದ ಆ ಮನೆಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ.

ಅಂಕಲ್‌ಗೆ ಆಮೇಲೆ ಪಿಂಚಣಿ ಬಂತು. ಬ್ಯಾಂಕಿಗೆ ಹಲವು ಸಲ ರಾತ್ರಿ ಎದ್ದು ಫೋನ್ ಮಾಡಿ, ಅವರು ಒಪ್ಪುವ ಸಹಿ ಹಾಕಿಸಿ ಕಳಿಸಿದ ಮೇಲೆ ಬಾಕಿ ಸೇರಿಯೇ ಬಿತ್ತು. ಅಷ್ಟರಲ್ಲಿ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬೇರೆ ಮನೆ ಹಿಡಿದಿದ್ದರು. ಅವರನ್ನು ಯಾರೂ ದೂರುವ ಹಾಗಿಲ್ಲ.

ಈ ವರ್ಷವೂ ನಮ್ಮ ನಿಮ್ಮ ಮನೆಗಳಿಗೆ ಹಿರಿಯರು ಬರುತ್ತಾರೆ. ಮೇಲಿನ ನೋಟಿಸನ್ನು ಹಾಗೇ ಮುಂದಕ್ಕೆ ತಳ್ಳಬೇಡಿ. ತೇದಿ ಹಾಕಿ, ಆ ವರ್ಷದ ಸುತ್ತೋಲೆಯ ಜೊತೆ ಹೋಲಿಸಿ, ಆಮೇಲೆ ಕೊಡಿ. ಕೊಟ್ಟ ಮೇಲೆ "ಅರ್ಥ ಆಯ್ತಾ" ಅನ್ನಬೇಡಿ. "ಈಗ ನೀವು ಏನು ಮಾಡ್ತೀರಿ?" ಅಂತ ಕೇಳಿ.